ಮೊದಲ ಗ್ರಾಹಕರಿಗೆ ಥ್ಯಾಂಕ್ಸ್ ಚೀಟಿ: ‘ನಾಲ್ಕು ಜನಕ್ಕೆ ಹೇಳಿ’ ಅನ್ನೋದನ್ನು ಬೇಡಿದ ಹಾಗೆ ಕಾಣದಂತೆ ಬರೆಯುವುದು ಹೇಗೆ?

ಆನ್‌ಲೈನ್ ಅಂಗಡಿ ಶುರು ಮಾಡಿದವರು ಕೇಳುವ ಪ್ರಶ್ನೆ ಹೆಚ್ಚುಕಡಿಮೆ ಒಂದೇ. ‘ಮೊದಲ ಮೂವತ್ತು ನಲವತ್ತು ಆರ್ಡರ್ ಬಂತು. ಪಾರ್ಸೆಲ್ ಒಳಗೆ ಒಂದು ಥ್ಯಾಂಕ್ಸ್ ಕಾರ್ಡ್ ಹಾಕಬೇಕು ಅಂತಿದೀವಿ. ನಾಲ್ಕು ಜನಕ್ಕೆ ಹೇಳಿ ಅನ್ನೋದೂ ಅದರಲ್ಲೇ ಬರಬೇಕು, ಆದರೆ ಬೇಡಿದ ಹಾಗೆ ಕಾಣಬಾರದು. ಮ್ಯಾಟರ್ ಬರೆದುಕೊಡ್ತೀರಾ?’

ಬರೆದುಕೊಡಬಹುದು. ಆದರೆ ಒಂದೇ ಮ್ಯಾಟರ್ ನಲವತ್ತು ಜನಕ್ಕೆ ಹೋದರೆ ಅದು ಬ್ಯಾಂಕಿನವರು ಕಳಿಸುವ ಮೆಸೇಜ್ ಥರ ಆಗುತ್ತದೆ. ಅದಕ್ಕೇ ಬರೆಯುವ ದಾರಿ ಹೇಳುತ್ತೇನೆ. ಉದಾಹರಣೆಗೆ ಸಾಗರದ ಕಡೆಯ ಒಂದು ಮನೆ ಅಂತ ಇಟ್ಟುಕೊಳ್ಳೋಣ. ಅಪ್ಪೆಮಿಡಿ ಉಪ್ಪಿನಕಾಯಿ ಮತ್ತು ಚಟ್ನಿಪುಡಿ ಮಾರುತ್ತಾರೆ. ಅಂಗಡಿ ತೆರೆದು ಹದಿನೆಂಟು ದಿನ ಆಗಿದೆ, 40 ಆರ್ಡರ್ ಬಂದಿವೆ, ಹೆಚ್ಚಿನವು ಬೆಂಗಳೂರಿನವು. ನೀವು ಸೀರೆ ಮಾರಿ, ಸಾಬೂನು ಮಾರಿ, ದಾರಿ ಇದೇ.

ಮೊದಲೇ ಒಂದು ಮಾತು. ಎಲ್ಲರೂ ಎಡವುವುದು ಇಲ್ಲೇ. ಥ್ಯಾಂಕ್ಸ್ ಮತ್ತು ಕೋರಿಕೆ ಎರಡನ್ನೂ ಒಂದೇ ಕಾರ್ಡಿನಲ್ಲಿ ತುರುಕಬೇಡಿ. ಪಾರ್ಸೆಲ್ ಬಿಚ್ಚಿದ ಆ ಗಳಿಗೆಯಲ್ಲಿ ಗ್ರಾಹಕರು ಇನ್ನೂ ಜಾಡಿಯ ಮುಚ್ಚಳ ಕೂಡ ತೆಗೆದಿರುವುದಿಲ್ಲ. ರುಚಿಯೇ ನೋಡದವರ ಹತ್ತಿರ ‘ಚೆನ್ನಾಗಿದೆ ಅಂತ ನಾಲ್ಕು ಜನಕ್ಕೆ ಹೇಳಿ’ ಅಂದರೆ ಹೇಗೆ? ಥ್ಯಾಂಕ್ಸ್ ಪಾರ್ಸೆಲ್ ಜೊತೆ ಹೋಗಲಿ, ಕೋರಿಕೆ ರುಚಿ ನೋಡಿದ ಮೇಲೆ ಹೋಗಲಿ.

ಏನೇನು ಬೇಕು

ಎ6 ಅಳತೆಯ ದಪ್ಪ ಕಾರ್ಡ್, ಅಂದರೆ ಎ4 ಹಾಳೆಯನ್ನು ನಾಲ್ಕು ಭಾಗ ಮಾಡಿದಷ್ಟು (105 × 148 ಮಿ.ಮೀ.). 250 ಅಥವಾ 300 ಜಿಎಸ್ಎಂ ಕೇಳಿ. ಜಿಎಸ್ಎಂ ಅಂದರೆ ಒಂದು ಚದರ ಮೀಟರ್ ಕಾಗದದ ತೂಕ, ಗ್ರಾಂ ಲೆಕ್ಕದಲ್ಲಿ. ಜಾಸ್ತಿ ಆದಷ್ಟೂ ಕಾಗದ ದಪ್ಪ. ಹೊಳಪಿನ ಕಾಗದ ಬೇಡ, ಅದರ ಮೇಲೆ ಪೆನ್ನು ಒಣಗುವುದಿಲ್ಲ. ಒಂದು ಬಾಲ್ ಪೆನ್, ಒಂದು ನೋಟ್‌ಬುಕ್, ಚಿಕ್ಕ ಜಿಪ್ ಕವರ್‌ಗಳು, ಫೋನಿನಲ್ಲಿ ವಾಟ್ಸಾಪ್ ಬಿಸಿನೆಸ್. ಇಷ್ಟು ಸಾಕು.

1. ಪಟ್ಟಿಯನ್ನು ಮೂರು ಮಾಡಿ

ನಲವತ್ತೂ ಆರ್ಡರನ್ನು ನೋಟ್‌ಬುಕ್ಕಿನಲ್ಲಿ ಬರೆದು ಮೂರು ಗುಂಪು ಮಾಡಿ: ನೆಂಟರು ಮತ್ತು ಸ್ನೇಹಿತರು, ಅವರ ಮೂಲಕ ಬಂದವರು, ಗುರುತೇ ಇಲ್ಲದವರು. ಹೊಸ ಅಂಗಡಿಯಲ್ಲಿ ಮೊದಲ ಗುಂಪು ದೊಡ್ಡದಿರುವುದು ಸಹಜ. ನೆಂಟರಿಗೆ ಕಾರ್ಡ್ ಬೇಡ, ಒಂದು ಫೋನ್ ಮಾಡಿ. ಅತ್ತೆಗೆ ‘ಸುಮಿತ್ರಾ ಅವರಿಗೆ ನಮಸ್ಕಾರ’ ಅಂತ ಕಾರ್ಡ್ ಹೋದರೆ ಮುಂದಿನ ಮದುವೆಮನೆ ತನಕ ಅದೇ ಮಾತು. ಇನ್ನೊಂದು ವಿಷಯ, ನೆಂಟರ ಹತ್ತಿರ ಗೂಗಲ್‌ನಲ್ಲಿ ರಿವ್ಯೂ ಬರೆಸಬೇಡಿ. ಅದು ಗೂಗಲ್‌ನ ನಿಯಮಕ್ಕೂ ವಿರುದ್ಧ ಆಗಬಹುದು. ಅದಕ್ಕಿಂತ ಹೆಚ್ಚಾಗಿ, ಎಲ್ಲಾ ರಿವ್ಯೂಗಳಲ್ಲೂ ಒಂದೇ ಅಡ್ಡಹೆಸರು ಕಂಡರೆ ಓದುವವರಿಗೆ ತಕ್ಷಣ ಗೊತ್ತಾಗುತ್ತದೆ.

ನಮ್ಮ ಕಾರ್ಡು ಎರಡನೇ ಮತ್ತು ಮೂರನೇ ಗುಂಪಿಗೆ. 40ರಲ್ಲಿ 24 ಜನ ಸಿಕ್ಕರು ಅಂತ ಇಟ್ಟುಕೊಳ್ಳಿ. ದಿನಕ್ಕೆ ಆರು ಕಾರ್ಡ್ ಬರೆದರೆ ನಾಲ್ಕು ದಿನದ ಕೆಲಸ.

ಈ 24ರಲ್ಲಿ ದುಡ್ಡು ಕೊಟ್ಟವರು ಮತ್ತು ಪಾರ್ಸೆಲ್ ತೆಗೆದುಕೊಳ್ಳುವವರು ಬೇರೆ ಬೇರೆ ಇರುವ ಆರ್ಡರ್‌ಗಳನ್ನು ಗುರುತು ಹಾಕಿಕೊಳ್ಳಿ. ಪುಣೆಯಲ್ಲಿರುವ ಮಗ ಮೈಸೂರಿನ ಅಮ್ಮನಿಗೆ ಕಳಿಸಿರುತ್ತಾನೆ. ಆ ಪಾರ್ಸೆಲ್ ಒಳಗೆ ‘ನೀವು ಆರ್ಡರ್ ಮಾಡಿದ್ದಕ್ಕೆ’ ಅಂತ ಇದ್ದರೆ ಅಮ್ಮನಿಗೆ ಗೊಂದಲ. ಬಿಲ್ಲು ಜೊತೆಗಿದ್ದರಂತೂ ‘ಇಷ್ಟು ದುಡ್ಡು ಕೊಟ್ಯಾ’ ಅಂತ ಮಗನಿಗೆ ಫೋನು ಹೋಗುತ್ತದೆ. ಇಂಥ ಕಡೆ ಕಾರ್ಡು ಅಮ್ಮನ ಹೆಸರಿಗೆ, ಬಿಲ್ಲು ಮತ್ತು ಆಮೇಲಿನ ಸಂದೇಶ ಮಗನಿಗೆ.

2. ಒಬ್ಬೊಬ್ಬರ ಬಗ್ಗೆ ಒಂದು ಸಂಗತಿ ಹುಡುಕಿ

ಆರ್ಡರಿನಲ್ಲೇ ಏನೋ ಒಂದು ಇರುತ್ತದೆ. ಒಬ್ಬರು ಖಾರ ಕಡಿಮೆ ಇರಲಿ ಅಂತ ಬರೆದಿರುತ್ತಾರೆ. ಇನ್ನೊಬ್ಬರು ಒಂದೇ ಸಲ ಮೂರು ಜಾಡಿ ತರಿಸಿರುತ್ತಾರೆ. ಮತ್ತೊಬ್ಬರು ರಾತ್ರಿ ಹನ್ನೊಂದಕ್ಕೆ ಫೋನ್ ಮಾಡಿ ‘ಎಣ್ಣೆ ಹಾಕಿದ್ದಾ, ಉಪ್ಪುನೀರಿನದ್ದಾ?’ ಅಂತ ಕೇಳಿರುತ್ತಾರೆ. ಅದನ್ನು ಹೆಸರಿನ ಮುಂದೆ ಬರೆದಿಡಿ. ಏನೂ ಸಿಗದಿದ್ದರೆ ನಿಮ್ಮ ಕಡೆಯ ಸಂಗತಿ ಬರೆಯಿರಿ: ಇದು ಎಷ್ಟನೇ ಪಾರ್ಸೆಲ್, ಮಿಡಿ ಯಾವ ತಿಂಗಳಲ್ಲಿ ಕೊಯ್ದದ್ದು. ಕಾರ್ಡಿನ ಜೀವ ಇರುವುದು ಈ ಒಂದು ಸಾಲಿನಲ್ಲಿ.

ಒಂದು ಎಚ್ಚರಿಕೆ. ಅವರೇ ಹೇಳಿದ್ದನ್ನು ಮಾತ್ರ ಬಳಸಿ. ವಿಳಾಸ ನೋಡಿ ‘ನೀವು ಆ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಇರ್ತೀರಲ್ವಾ’ ಅಂತ ಬರೆದರೆ ಖುಷಿ ಆಗುವುದಿಲ್ಲ, ಹೆದರಿಕೆ ಆಗುತ್ತದೆ.

3. ಕಾರ್ಡ್ ಬರೆಯಿರಿ

‘ನಮ್ಮನ್ನು ಆಯ್ಕೆ ಮಾಡಿಕೊಂಡಿದ್ದಕ್ಕಾಗಿ ಧನ್ಯವಾದಗಳು’ ಅಂತ ಶುರು ಮಾಡಬೇಡಿ. ಹಾಗೆ ನಮ್ಮ ಮನೆಗಳಲ್ಲಿ ಯಾರೂ ಮಾತಾಡುವುದಿಲ್ಲ. ಧನ್ಯವಾದ ಅನ್ನುವ ಪದ ಇಲ್ಲದೆಯೂ ಥ್ಯಾಂಕ್ಸ್ ಹೇಳಬಹುದು. ‘ತುಂಬಾ ಖುಷಿಯಾಯ್ತು’ ಅಂದರೆ ಸಾಕು. ‘ಪ್ರಿಯ ಗ್ರಾಹಕರೇ’ ಕೂಡ ಬೇಡ, ಹೆಸರು ಹಾಕಿ ‘ಅವರಿಗೆ ನಮಸ್ಕಾರ’ ಅನ್ನಿ. ಹೆಸರು ನೋಡಿ ಹೆಂಗಸೋ ಗಂಡಸೋ ಗೊತ್ತಾಗದಿದ್ದರೂ ಇದು ನಡೆಯುತ್ತದೆ. ಗುರುತಿಲ್ಲದವರಿಗೆ ಅಕ್ಕ, ಅಮ್ಮ, ಅಂಕಲ್ ಬೇಡ. ಮೂವತ್ತೆರಡರ ಹೆಣ್ಣುಮಗಳಿಗೆ ಅಮ್ಮ ಅಂತ ಬರೆದರೆ ಉಪ್ಪಿನಕಾಯಿ ಎಷ್ಟೇ ರುಚಿ ಇದ್ದರೂ ಕಷ್ಟ.

ಆರು ಏಳು ಸಾಲು ಸಾಕು. ಹೀಗೆ (ಹೆಸರು ಸುಮ್ನೆ ಹಾಕಿದ್ದು):

> ಸುಧಾ ಅವರಿಗೆ ನಮಸ್ಕಾರ.
> ಅಂಗಡಿ ತೆರೆದು ಹದಿನೆಂಟು ದಿನ ಆಯ್ತು, ಇದು ನಮ್ಮ ಇಪ್ಪತ್ತಮೂರನೇ ಪಾರ್ಸೆಲ್. ಖಾರ ಕಡಿಮೆ ಇರಲಿ ಅಂದಿದ್ದಿರಿ, ಅದಕ್ಕೇ ಮಕ್ಕಳಿಗೆ ಅಂತ ಬೇರೆಯಾಗಿ ಕಲಸಿಟ್ಟ ಭರಣಿಯಿಂದ ತುಂಬಿದ್ದೇನೆ. ಒಂದು ವಾರ ಬಿಟ್ಟು ತೆಗೆದರೆ ಮಿಡಿಗೆ ಇನ್ನೂ ಚೆನ್ನಾಗಿ ಖಾರ, ಹುಳಿ ಹಿಡಿಯುತ್ತದೆ. ತಡೆಯೋಕೆ ಆಗದಿದ್ದರೆ ಇವತ್ತೇ ತೆಗೆಯಿರಿ! ಚಮಚ ಮಾತ್ರ ಒಣಗಿರಲಿ. ರುಚಿಯಲ್ಲಿ ಹೆಚ್ಚುಕಡಿಮೆ ಅನ್ನಿಸಿದರೆ ಬೇರೆ ಯಾರಿಗೂ ಮುಂಚೆ ನನಗೆ ಹೇಳಿ, ನಂಬರ್ ಹಿಂದೆ ಇದೆ. ನೀವು ತರಿಸಿಕೊಂಡಿದ್ದು ನಮಗೆ ತುಂಬಾ ಖುಷಿ.

ಇಲ್ಲಿ ‘ಶೇರ್ ಮಾಡಿ’ ಅನ್ನೋದು ಎಲ್ಲೂ ಇಲ್ಲ, ಗಮನಿಸಿ. ಆದರೆ ಎರಡು ಕೆಲಸ ಆಗಿದೆ. ಅಂಗಡಿ ಹೊಸದು, ಚಿಕ್ಕದು ಅಂತ ಹೇಳಿಕೊಳ್ಳದೆಯೇ ಇಪ್ಪತ್ತಮೂರನೇ ಪಾರ್ಸೆಲ್ ಅನ್ನೋದರಿಂದ ಗೊತ್ತಾಯಿತು. ದೂರು ಇದ್ದರೆ ಬರಬೇಕಾದ ದಾರಿಯೂ ತೆರೆಯಿತು. ದೂರನ್ನು ನಿಮಗೇ ಹೇಳಿ, ನೀವು ಸರಿ ಮಾಡಿಕೊಟ್ಟರೆ, ಆಮೇಲೆ ಅವರು ಬೇರೆಯವರ ಹತ್ತಿರ ಆಡುವ ಮಾತಿಗೆ ತೂಕ ಜಾಸ್ತಿ. ಸಂಖ್ಯೆ ಮಾತ್ರ ನಿಜದ್ದೇ ಹಾಕಿ. ಒಂದೇ ಅಪಾರ್ಟ್‌ಮೆಂಟಿನ ಇಬ್ಬರಿಗೂ ‘ಇಪ್ಪತ್ತಮೂರನೇ’ ಅಂತ ಹೋಗಿ, ಅವರಿಬ್ಬರೂ ಲಿಫ್ಟಿನಲ್ಲಿ ಸಿಕ್ಕಿ ಮಾತಾಡಿಕೊಂಡರೆ ಮುಗೀತು.

4. ಮುದ್ರಣ, ಕೋಡು, ಪ್ಯಾಕಿಂಗ್

ಒಳಗಿನ ಮಾತು ಕೈಬರಹದಲ್ಲೇ ಇರಲಿ. ಹಿಂಬದಿಗೆ ಮಾತ್ರ ಅಂಗಡಿಯ ಹೆಸರು, ನಂಬರು, ಒಂದು ಕ್ಯೂಆರ್ ಕೋಡ್ ಮುದ್ರಿಸಿ.

ಕನ್ನಡದ ಮುದ್ರಣದಲ್ಲಿ ಒಂದು ಹಳೇ ಕಾಟ ಇದೆ. ನೀವು ಫೋನಿನಲ್ಲಿ ಟೈಪ್ ಮಾಡಿದ್ದು ಯೂನಿಕೋಡ್. ಪ್ರೆಸ್ಸಿನವರ ಹಳೇ ಸಾಫ್ಟ್‌ವೇರಿಗೆ ಅದನ್ನು ಅಂಟಿಸಿದರೆ ಒತ್ತಕ್ಷರ ಕಳಚಿಕೊಳ್ಳಬಹುದು. ‘ಉಪ್ಪಿನಕಾಯಿ’ಯ ಪ್ಪಿ ಒಡೆದು ‘ಪ್‌ಪಿ’ ಆಗುತ್ತದೆ. ನನ್ನ ಮೊದಲ ನೂರು ಕಾರ್ಡು ಹೀಗೇ ರದ್ದಿಗೆ ಹೋಯಿತು, ನಾನು ಪ್ರೂಫ್ ನೋಡದೆ ಹೂಂ ಅಂದಿದ್ದೆ. ಮ್ಯಾಟರನ್ನು ವಾಟ್ಸಾಪಿನಲ್ಲಿ ಕಳಿಸಬೇಡಿ, ನೀವೇ ಪಿಡಿಎಫ್ ಮಾಡಿ ಕೊಡಿ. ಒಂದು ಕಾಪಿ ತೆಗೆಸಿ ಓದಿ ನೋಡಿ, ಆಮೇಲೆ ಮಿಕ್ಕಿದ್ದು.

ಕ್ಯೂಆರ್ ಕೋಡ್ ನಿಮ್ಮ ವಾಟ್ಸಾಪಿಗೆ ನೇರ ಹೋಗಲಿ. ಅದರ ಲಿಂಕ್ ಹೀಗಿರುತ್ತದೆ:

```
https://wa.me/91XXXXXXXXXX?text=Midi%20uppinakayi
```

91 ಆದ ಮೇಲೆ ನಿಮ್ಮ ಹತ್ತಂಕಿ ನಂಬರು. ಮುಂದೆ ಪ್ಲಸ್ ಬೇಡ, ಸೊನ್ನೆ ಬೇಡ. `%20` ಅಂದರೆ ಖಾಲಿ ಜಾಗ. `text=` ಆದ ಮೇಲೆ ಬರೆದದ್ದು ಅವರ ಫೋನಿನಲ್ಲಿ ಮೊದಲೇ ಟೈಪ್ ಆಗಿ ಬರುತ್ತದೆ. ಅಲ್ಲಿ ಕನ್ನಡ ಹಾಕುವ ಆಸೆ ಆಗುತ್ತದೆ, ನನಗೂ ಆಗಿತ್ತು. ಆದರೆ ಲಿಂಕಿನ ಒಳಗೆ ಕನ್ನಡದ ಒಂದೊಂದು ಅಕ್ಷರ, ಒಂದೊಂದು ಗುಣಿತದ ಚಿಹ್ನೆಯೂ ಒಂಬತ್ತು ಚಿಹ್ನೆಗಳಾಗಿ ಹಿಗ್ಗುತ್ತದೆ. ಕೋಡಿನ ಚುಕ್ಕಿಗಳು ಒತ್ತೊತ್ತಾಗಿ, ಚಿಕ್ಕ ಕಾರ್ಡಿನ ಮೇಲೆ ಹಳೇ ಫೋನುಗಳು ಓದುವುದಿಲ್ಲ. ಚಿಕ್ಕದಾಗಿ ಇಂಗ್ಲಿಷ್ ಅಕ್ಷರದಲ್ಲೇ ಇಡಿ. ಕೋಡ್ ಕನಿಷ್ಠ 2 ಸೆಂ.ಮೀ. ಅಗಲ ಇರಲಿ, ಸುತ್ತ ಬಿಳಿ ಜಾಗ ಇರಲಿ.

ಪುಕ್ಕಟೆ ಕೋಡ್ ಮಾಡಿಕೊಡುವ ಕೆಲವು ಜಾಲತಾಣಗಳು ನಿಮ್ಮ ಲಿಂಕನ್ನು ತಮ್ಮ ಲಿಂಕಿನೊಳಗೆ ಸುತ್ತಿ ಕೊಡುತ್ತವೆ. ಇದಕ್ಕೆ ಡೈನಾಮಿಕ್ ಕೋಡ್ ಅಂತಾರೆ. ಪುಕ್ಕಟೆ ಅವಧಿ ಮುಗಿದ ದಿನ ಕೋಡೂ ಮುಗಿಯುತ್ತದೆ, ಕಾರ್ಡುಗಳು ಮಾತ್ರ ಜನರ ಅಡುಗೆಮನೆಯಲ್ಲಿ ಇರುತ್ತವೆ. ಸ್ಟ್ಯಾಟಿಕ್ ಅನ್ನೋದನ್ನೇ ಆರಿಸಿ. ಸ್ಕ್ಯಾನ್ ಮಾಡಿದಾಗ ತೆರೆಯುವ ಮುಂಚೆ ಕಾಣುವ ವಿಳಾಸ `wa.me` ಅಂತಲೇ ಶುರುವಾದರೆ ಸರಿ ಇದೆ ಅಂತ ಲೆಕ್ಕ.

ಕೋಡಿನ ಕೆಳಗೆ ‘ಇದು ದುಡ್ಡು ಕಟ್ಟುವ ಕೋಡ್ ಅಲ್ಲ, ನಮ್ಮ ಜೊತೆ ಮಾತಾಡೋಕೆ’ ಅಂತ ಬರೆಯಿರಿ. ನಮ್ಮಲ್ಲಿ ಚೌಕ ಚುಕ್ಕಿ ಕಂಡರೆ ಎಲ್ಲರಿಗೂ ತರಕಾರಿ ಗಾಡಿಯ ಯುಪಿಐ ನೆನಪಾಗುತ್ತದೆ. ಆಗಲೇ ದುಡ್ಡು ಕೊಟ್ಟವರು ಮತ್ತೆ ಕಟ್ಟಬೇಕೇನೋ ಅಂದುಕೊಳ್ಳುತ್ತಾರೆ.

ಪ್ಯಾಕ್ ಮಾಡುವಾಗ ಕಾರ್ಡನ್ನು ಜಿಪ್ ಕವರಿಗೆ ಹಾಕಿ ಎಲ್ಲಕ್ಕಿಂತ ಮೇಲಿಡಿ. ಜಾಡಿಗೆ ತಾಗಿಸಿ ಇಟ್ಟರೆ ದಾರಿಯಲ್ಲಿ ಒಸರಿದ ಎಣ್ಣೆ ನಿಮ್ಮ ಅಕ್ಷರವನ್ನೆಲ್ಲ ಕುಡಿದುಬಿಡುತ್ತದೆ.

5. ಪಕ್ಕದ ಮನೆಯ ಪೊಟ್ಟಣ

ಕಾರ್ಡಿನಲ್ಲಿ ಕೇಳದೇ ಇದ್ದದ್ದನ್ನು ಒಂದು ಪೊಟ್ಟಣ ಕೇಳುತ್ತದೆ. 50 ಗ್ರಾಂ ಚಟ್ನಿಪುಡಿಯನ್ನು ಬೇರೆಯಾಗಿ ಕಟ್ಟಿ, ಮೇಲೆ ‘ಇದು ಪಕ್ಕದ ಮನೆಗೆ’ ಅಂತ ಕೈಯಲ್ಲೇ ಬರೆದು ಹಾಕಿ. ಏನೋ ಮಾಡಿದಾಗ ಒಂದು ಬಟ್ಟಲು ಕಾಂಪೌಂಡ್ ಮೇಲಿಂದ ದಾಟಿಸುವುದು ನಮ್ಮ ಜನಕ್ಕೆ ಹೊಸದಲ್ಲ. ನೀವು ಆ ಬಟ್ಟಲನ್ನು ತುಂಬಿ ಕೊಡುತ್ತಿದ್ದೀರಿ, ಅಷ್ಟೇ. ತಾವೇ ತಿಂದರೂ ಬೇಜಾರಿಲ್ಲ. ಅದು ಮುಂದಿನ ಆರ್ಡರಿಗೆ ಚಟ್ನಿಪುಡಿ ಸೇರಿಸುತ್ತದೆ.

ಇಲ್ಲಿ ಎರಡು ಕಡೆ ಕೈ ಸುಟ್ಟುಕೊಳ್ಳುತ್ತಾರೆ. ಮೊದಲನೆಯದು ತೂಕ. ಕೊರಿಯರ್‌ನವರು ಸಾಮಾನ್ಯವಾಗಿ ಅರ್ಧ ಕೆ.ಜಿ. ಅರ್ಧ ಕೆ.ಜಿ. ಲೆಕ್ಕದಲ್ಲಿ ದರ ಹಾಕುತ್ತಾರೆ. ನಿಮ್ಮ ಜಾಡಿ, ಡಬ್ಬ, ಪ್ಯಾಕಿಂಗ್ ಸೇರಿ 470 ಗ್ರಾಂ ಇದ್ದರೆ 50 ಗ್ರಾಂ ಪೊಟ್ಟಣ ಅದನ್ನು 520ಕ್ಕೆ ತಳ್ಳುತ್ತದೆ, ನೀವು ಒಂದು ಕೆ.ಜಿ.ಯ ದರ ಕೊಡುತ್ತೀರಿ. ಅಂಥ ಪಾರ್ಸೆಲ್ಲಿಗೆ 20 ಗ್ರಾಂ ಹಾಕಿ, ಒಂದು ದಿನದ ದೋಸೆಗೆ ಅಷ್ಟು ಸಾಕು. ಕಾರ್ಡಿನ ತೂಕ 5 ಗ್ರಾಂ ಒಳಗೇ, ಚಿಂತೆ ಇಲ್ಲ. ಎರಡನೆಯದು ಲೇಬಲ್. ಪುಕ್ಕಟೆ ಕೊಟ್ಟರೂ ಅದು ತಿನ್ನುವ ಪದಾರ್ಥ. ಏನೇನು ಹಾಕಿದೆ, ಯಾವಾಗ ಮಾಡಿದ್ದು, ಎಲ್ಲಿಯ ತನಕ ಬಳಸಬಹುದು, ಆಹಾರ ಮಾರೋಕೆ ಪಡೆದ ನಿಮ್ಮ 14 ಅಂಕಿಯ ಎಫ್ಎಸ್ಎಸ್ಎಐ ನಂಬರು, ಎಲ್ಲಾ ಇರಬೇಕು. ಶೇಂಗಾ ಇದ್ದರೆ ಎದ್ದು ಕಾಣುವ ಹಾಗೆ ಬರೆಯಿರಿ. ಪಕ್ಕದ ಮನೆಯ ಮಗುವಿಗೆ ಶೇಂಗಾ ಆಗದೇ ಇರಬಹುದು, ಅವರಂತೂ ನಿಮ್ಮ ವೆಬ್‌ಸೈಟ್ ಓದಿರುವುದಿಲ್ಲ.

6. ಕೋರಿಕೆಯ ಸಂದೇಶ, ಯಾವಾಗ ಮತ್ತು ಹೇಗೆ

ವಸ್ತು ಯಾವುದು ಅನ್ನೋದರ ಮೇಲೆ ದಿನ ನಿರ್ಧಾರ. ಚಟ್ನಿಪುಡಿ ತಲುಪಿದ ನಾಲ್ಕೈದು ದಿನಕ್ಕೆ ಬಳಕೆಗೆ ಬಂದಿರುತ್ತದೆ. ಉಪ್ಪಿನಕಾಯಿಗೆ ಒಂದು ವಾರ ಬಿಡಿ ಅಂತ ನೀವೇ ಕಾರ್ಡಿನಲ್ಲಿ ಹೇಳಿದ್ದೀರಿ, ಹಾಗಾಗಿ ಹತ್ತು ಹನ್ನೆರಡು ದಿನ. ಹತ್ತಿ ಸೀರೆ ಆದರೆ ಮೊದಲ ಒಗೆತ ಆಗಲಿ. ಬಣ್ಣ ಬಿಡುತ್ತದೋ ಇಲ್ಲವೋ ಗೊತ್ತಾಗುವ ಮುಂಚೆ ಯಾರೂ ಸೀರೆಯನ್ನು ಹೊಗಳುವುದಿಲ್ಲ.

ಸಂದೇಶ ಕಳಿಸಲು ಅವರು ಒಪ್ಪಿರಬೇಕು. ಆರ್ಡರ್ ಫಾರಂನಲ್ಲೇ ‘ವಾಟ್ಸಾಪಿನಲ್ಲಿ ಸಂದೇಶ ಕಳಿಸಬಹುದೇ?’ ಅಂತ ಒಂದು ಖಾನೆ ಇಡಿ, ಟಿಕ್ ಅನ್ನು ನೀವೇ ಹಾಕಿಡಬೇಡಿ. ಪಾರ್ಸೆಲ್ ತಲುಪಿಸೋಕೆ ಅಂತ ಪಡೆದ ನಂಬರನ್ನು ಕೇಳದೇ ಪ್ರಚಾರಕ್ಕೆ ಬಳಸಬಾರದು. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ತಿರುಳೂ ಇದೇ. ಟಿಕ್ ಇಲ್ಲದವರಿಗೆ ಕಾರ್ಡು ಮಾತ್ರ, ಅವರಾಗಿ ಬಂದರೆ ಮಾತು.

ಗ್ರೂಪ್ ಮಾಡಲೇಬೇಡಿ. ‘ನಮ್ಮ ಮೊದಲ ಗ್ರಾಹಕರು’ ಅಂತ ಗ್ರೂಪ್ ಮಾಡಿದ ಕ್ಷಣ 24 ಜನರ ನಂಬರು 24 ಜನಕ್ಕೂ ಕಾಣುತ್ತದೆ. ಬ್ರಾಡ್‌ಕಾಸ್ಟ್, ಅಂದರೆ ಒಂದೇ ಸಂದೇಶ ಹಲವರಿಗೆ ಬೇರೆ ಬೇರೆಯಾಗಿ ಹೋಗುವ ಪಟ್ಟಿ, ಇಲ್ಲಿ ಉಪಯೋಗಕ್ಕೆ ಬರುವುದಿಲ್ಲ. ನಿಮ್ಮ ನಂಬರನ್ನು ಸೇವ್ ಮಾಡಿಕೊಂಡವರಿಗೆ ಮಾತ್ರ ಅದು ತಲುಪುತ್ತದೆ, ಹೊಸ ಗ್ರಾಹಕರು ಯಾಕೆ ಸೇವ್ ಮಾಡಿರುತ್ತಾರೆ? ಒಬ್ಬೊಬ್ಬರಿಗೇ ಕಳಿಸಿ.

ಮೊದಲು ಬರೀ ವಿಚಾರಣೆ:

> ನಮಸ್ಕಾರ ಸುಧಾ ಅವರೇ, ಸಾಗರದಿಂದ ಉಪ್ಪಿನಕಾಯಿ ಕಳಿಸಿದವಳು. ಜಾಡಿ ತೆಗೆದ್ರಾ? ಖಾರ ಸರಿ ಇತ್ತಾ?

ಇಲ್ಲಿಗೆ ನಿಲ್ಲಿಸಿ. ‘ಚೆನ್ನಾಗಿದೆ, ಮಗಳಿಗೂ ಹಿಡಿಸ್ತು’ ಅಂತ ಉತ್ತರ ಬಂದ ಮೇಲೆ ಮಾತ್ರ ಕೋರಿಕೆ:

> ತುಂಬಾ ಖುಷಿಯಾಯ್ತು! ನಿಮ್ಮ ಆಫೀಸಲ್ಲೋ ಅಪಾರ್ಟ್‌ಮೆಂಟಲ್ಲೋ ‘ಮಿಡಿ ಉಪ್ಪಿನಕಾಯಿ ಇಲ್ಲಿ ಎಲ್ಲಿ ಸಿಗುತ್ತೆ’ ಅಂತ ಹುಡುಕುವವರು ಯಾರಾದರೂ ಇದ್ದರೆ ಅವರ ಕಿವಿಗೊಂದು ಮಾತು ಹಾಕಿ. ಕೆಳಗೆ ಫೋಟೊ, ಲಿಂಕ್ ಕಳಿಸಿದ್ದೇನೆ. ಯಾರೂ ನೆನಪಾಗದಿದ್ದರೆ ಪರವಾಗಿಲ್ಲ.

‘ಐದು ಸ್ನೇಹಿತರಿಗೆ ಕಳಿಸಿ’ ಅಂದರೆ ಅದು ಮನೆಪಾಠ ಆಗುತ್ತದೆ. ಹುಡುಕುತ್ತಿರುವ ಒಬ್ಬರು ಅಂದರೆ ತಲೆಯಲ್ಲಿ ತಾನಾಗಿ ಒಂದು ಮುಖ ಬರುತ್ತದೆ. ಕೊನೆಯ ‘ಪರವಾಗಿಲ್ಲ’ ಕೂಡ ಬೇಕೇ ಬೇಕು. ಅದಿಲ್ಲದಿದ್ದರೆ ದಾಕ್ಷಿಣ್ಯಕ್ಕೆ ‘ಖಂಡಿತ ಹೇಳ್ತೀನಿ’ ಅಂದು, ಹೇಳದೆ, ಆಮೇಲೆ ನಿಮ್ಮ ಹತ್ತಿರ ಮತ್ತೆ ಆರ್ಡರ್ ಮಾಡೋಕೂ ಮುಜುಗರ ಪಡುತ್ತಾರೆ.

ಫೋಟೊ ಮತ್ತು ಲಿಂಕನ್ನು ಬೇರೆ ಸಂದೇಶವಾಗಿಯೇ ಕಳಿಸಿ. ಒಂದೇ ಸಂದೇಶದಲ್ಲಿ ಇದ್ದರೆ ಅದನ್ನು ಮುಂದೆ ಕಳಿಸುವಾಗ ‘ಸುಧಾ ಅವರೇ, ಖಾರ ಕಡಿಮೆ’ ಎಲ್ಲಾ ಜೊತೆಗೆ ಹೋಗುತ್ತದೆ. ಎರಡನೇ ಸಂದೇಶದಲ್ಲಿ ಫೋಟೊ, ಏನು, ಎಷ್ಟು ತೂಕ, ಎಷ್ಟು ರೂಪಾಯಿ, ಲಿಂಕ್, ಇಷ್ಟೇ. ಹೊಗಳಿಕೆ ಒಂದು ಪದವೂ ಬೇಡ. ಹೊಗಳುವುದಿದ್ದರೆ ಅವರೇ ಮೇಲೊಂದು ಸಾಲು ಬರೆಯುತ್ತಾರೆ, ನಿಮ್ಮದಕ್ಕಿಂತ ಅದು ಚೆನ್ನಾಗಿರುತ್ತದೆ.

ಬಹುಮಾನ ಕೊಡಬೇಕಾ?

ಇದನ್ನು ಎಲ್ಲರೂ ಕೇಳುತ್ತಾರೆ. ‘ಒಬ್ಬರನ್ನು ಕರೆತಂದರೆ ನಿಮಗೆ ₹50’ ಅನ್ನೋದು ಮೊದಲ ಗ್ರಾಹಕರ ಮಟ್ಟಿಗೆ ಬೇಡ ಅಂತ ನನ್ನ ಅಭಿಪ್ರಾಯ. ಪಕ್ಕದ ಮನೆಯವರಿಗೆ ಉಪ್ಪಿನಕಾಯಿ ಚೆನ್ನಾಗಿದೆ ಅಂದೆ, ಆಮೇಲೆ ನನಗೆ ಐವತ್ತು ರೂಪಾಯಿ ಸಿಕ್ಕಿದ್ದು ಅವರಿಗೆ ಗೊತ್ತಾಯಿತು ಅಂದುಕೊಳ್ಳಿ. ನನ್ನ ಮಾತು ಕಮಿಷನ್ ಮಾತಾಯಿತು. ಕೊಡಲೇಬೇಕು ಅನ್ನಿಸಿದರೆ ಹೊಸಬರಿಗೆ ಕೊಡಿ: ‘ಸುಧಾ ಅವರ ಹೆಸರು ಹೇಳಿ ಬಂದವರಿಗೆ 50 ಗ್ರಾಂ ಚಟ್ನಿಪುಡಿ.’ ಆಗ ಸುಧಾ ಅವರು ಕೊಟ್ಟವರಾಗುತ್ತಾರೆ. ಗೂಗಲ್ ರಿವ್ಯೂಗೆ ಮಾತ್ರ ಏನನ್ನೂ ಕೊಡುವ ಹಾಗಿಲ್ಲ, ರಿಯಾಯಿತಿ ಕೂಡ. ಅಂಥ ರಿವ್ಯೂಗಳನ್ನು ಅವರು ತೆಗೆದುಹಾಕಬಹುದು.

7. ಉತ್ತರ ಬಂದ ಮೇಲೆ, ಬಾರದಿದ್ದರೆ

ಎರಡು ನೀಲಿ ಟಿಕ್ ಬಂದು ಉತ್ತರ ಬರದಿದ್ದರೆ ಸುಮ್ಮನಿರಿ. ಜ್ಞಾಪನೆಯ ಸಂದೇಶ ಬೇಡ. ‘ಉಪ್ಪು ಜಾಸ್ತಿ’ ಅಂತ ಬಂದರೆ ಕೋರಿಕೆಯ ಸಂದೇಶವನ್ನು ಮರೆತುಬಿಡಿ. ಯಾವ ಭರಣಿಯದ್ದು ಅಂತ ನೋಟ್‌ಬುಕ್ಕಿನಲ್ಲಿ ನೋಡಿ, ಅದೇ ಭರಣಿಯಿಂದ ಹೋದ ಬೇರೆ ಮನೆಗಳಲ್ಲೂ ವಿಚಾರಿಸಿ. ಮೂರು ಮನೆಯವರು ಅದನ್ನೇ ಹೇಳಿದರೆ ತಪ್ಪು ಅವರ ನಾಲಿಗೆಯದಲ್ಲ.

ಆರ್ಡರ್ ಫಾರಂಗೆ ‘ಯಾರಿಂದ ಗೊತ್ತಾಯಿತು?’ ಅಂತ ಒಂದು ಖಾನೆ ಸೇರಿಸಿ, ತುಂಬಲೇಬೇಕು ಅಂತ ಕಡ್ಡಾಯ ಮಾಡಬೇಡಿ. ಅಲ್ಲಿ ಸುಧಾ ಅವರ ಹೆಸರು ಕಂಡ ದಿನ ಅವರಿಗೊಂದು ಸಾಲು ಹೋಗಬೇಕು. ಆದರೆ ಬಂದವರು ಯಾರು, ಏನು ತಗೊಂಡರು, ಎಷ್ಟರದ್ದು, ಯಾವುದನ್ನೂ ಹೇಳಬೇಡಿ. ಅದು ಹೊಸ ಗ್ರಾಹಕರ ಮನೆಯ ವಿಷಯ.

> ಸುಧಾ ಅವರೇ, ನಿಮ್ಮ ಹೆಸರು ಹೇಳಿಕೊಂಡು ಒಬ್ಬರು ಬಂದಿದ್ದರು. ನೆನಪಿಟ್ಟು ಹೇಳಿದ್ದೀರಲ್ಲ, ಖುಷಿಯಾಯ್ತು.

ಇದರ ಕೆಳಗೆ ಮತ್ತೆ ಲಿಂಕ್ ಹಾಕಬೇಡಿ.